ಗುಪ್ತ ವರದಿಯಿಂದ ಎದುರುಬದುರಿನ ಮಾತಿಗೆ: ಕೆಲಸ ಕುಸಿದಾಗ ಮ್ಯಾನೇಜರ್ ಏನು ಬರೆದುಕೊಂಡು ಕೂರಬೇಕು

ನಂಜನಗೂಡಿನ ಕೈಗಾರಿಕಾ ಪ್ರದೇಶದಲ್ಲಿ ಕಾಫಿ ಪುಡಿಯಿಂದ ಬಣ್ಣದವರೆಗೆ ತಯಾರಾಗುತ್ತದೆ. ಪಕ್ಕದ ತಿ. ನರಸೀಪುರದಲ್ಲಿ ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮದ ಫಿಲೇಚರ್ ಇದೆ. ಅಲ್ಲಿ ಬಿಚ್ಚಿದ ನೂಲು 1912ರಲ್ಲಿ ಶುರುವಾದ ಮೈಸೂರಿನ ನೇಯ್ಗೆ ಕಾರ್ಖಾನೆಗೆ ಹೋಗುತ್ತದೆ. ಸರಕು ಏನೇ ಇರಲಿ, ಈ ಊರುಗಳ ಮ್ಯಾನೇಜರುಗಳಿಗೆ ಒಂದು ಕಷ್ಟ ಸಮಾನ. ವರ್ಷಗಟ್ಟಲೆ ಚೆನ್ನಾಗಿ ದುಡಿದವರ ಕೆಲಸ ಕುಸಿಯತೊಡಗಿದಾಗ ಅವರನ್ನು ಕೂರಿಸಿ ಹೇಗೆ ಹೇಳುವುದು? ಹೇಳಿದ ಮೇಲೆ ಏನು ಬರೆದು ಕೊಡುವುದು?

ಈ ಪ್ರಶ್ನೆಗೆ ಕಳೆದ ಎಪ್ಪತ್ತು ಎಂಬತ್ತು ವರ್ಷಗಳಲ್ಲಿ ಉತ್ತರ ಬದಲಾಗುತ್ತ ಬಂದಿದೆ. ಮೊದಲು ಬರಹ ಇತ್ತು, ಮಾತು ಇರಲಿಲ್ಲ. ಆಮೇಲೆ ಮಾತು ಬಂತು, ಆದರೆ ಅದು ಒಬ್ಬರೇ ಆಡುವ ಮಾತಾಗಿತ್ತು. ಮಾತಿಗೆ ಮುಂಚೆ ಒಂದು ಹಾಳೆ, ಮಾತು ಮುಗಿದ ಮೇಲೆ ಇಬ್ಬರೂ ಓದಿ ಒಪ್ಪುವ ಇನ್ನೊಂದು ಹಾಳೆ ಎನ್ನುವ ಕ್ರಮ ಅದರ ನಂತರದ್ದು.

ಬೀರುವಿನೊಳಗಿನ ವರದಿ

ನಮ್ಮ ಸರ್ಕಾರಿ ಕಚೇರಿಗಳು ಬಹುಕಾಲ ನಡೆದದ್ದು ಗುಪ್ತ ವರದಿಯ ಮೇಲೆ. ಮೇಲಧಿಕಾರಿ ವರ್ಷಕ್ಕೊಮ್ಮೆ ಬರೆಯುತ್ತಿದ್ದ. ಯಾರ ಬಗ್ಗೆ ಬರೆದನೋ ಅವರಿಗೆ ತೀರಾ ಪ್ರತಿಕೂಲವಾದ ಮಾತಿದ್ದರೆ ಮಾತ್ರ ತಿಳಿಯುತ್ತಿತ್ತು. ಇದರ ಅನ್ಯಾಯವನ್ನು ಸುಪ್ರೀಂ ಕೋರ್ಟ್ 2008ರ ದೇವ್ ದತ್ ಪ್ರಕರಣದಲ್ಲಿ ಎತ್ತಿ ತೋರಿಸಿತು. ದೇವ್ ದತ್ ಗಡಿ ರಸ್ತೆಗಳ ಸಂಸ್ಥೆಯ ಎಂಜಿನಿಯರ್. ಒಂದು ವರ್ಷದ ವರದಿಯಲ್ಲಿ ಅವರಿಗೆ ‘ಉತ್ತಮ’ ಎಂಬ ದರ್ಜೆ ಸಿಕ್ಕಿತ್ತು. ಬಡ್ತಿಗೆ ಬೇಕಾಗಿದ್ದದ್ದು ‘ಅತ್ಯುತ್ತಮ’. ‘ಉತ್ತಮ’ವೆಂಬುದು ಬೈಗುಳವಲ್ಲವಾದ್ದರಿಂದ ಅದನ್ನು ಅವರಿಗೆ ತಿಳಿಸಿರಲಿಲ್ಲ, ಅದರಿಂದಲೇ ಬಡ್ತಿ ತಪ್ಪಿತ್ತು. ಒಳ್ಳೆಯದಾಗಲಿ ಕೆಟ್ಟದ್ದಾಗಲಿ, ಪ್ರತಿಯೊಂದು ದರ್ಜೆಯನ್ನೂ ನೌಕರನಿಗೆ ತಿಳಿಸಬೇಕು, ಉತ್ತರಿಸಲು ಅವಕಾಶ ಕೊಡಬೇಕು ಎಂದು ನ್ಯಾಯಾಲಯ ಹೇಳಿತು. 2009ರಲ್ಲಿ ಕೇಂದ್ರ ಸರ್ಕಾರ ಪೂರ್ಣ ವರದಿಯನ್ನೇ ನೌಕರರಿಗೆ ಕೊಡುವ ಆದೇಶ ಹೊರಡಿಸಿ, ಆಕ್ಷೇಪಣೆಗೆ 15 ದಿನ ಇಟ್ಟಿತು.

ಮೆಮೊದ ಕಾಲ

ಕಾರ್ಖಾನೆಗಳ ದಾರಿ ಬೇರೆ. 1946ರ ಸ್ಥಾಯಿ ಆದೇಶಗಳ ಕಾಯ್ದೆ ಯಾವುದು ದುರ್ನಡತೆ, ಅದಕ್ಕೆ ಕ್ರಮ ಏನು ಎಂಬುದನ್ನು ಬರೆದಿಡಿಸಿತು. ಈಗ ಅದು 2020ರ ಕೈಗಾರಿಕಾ ಸಂಬಂಧಗಳ ಸಂಹಿತೆಯೊಳಗೆ ಸೇರಿದೆ. 1971ರಲ್ಲಿ ಕೈಗಾರಿಕಾ ವಿವಾದಗಳ ಕಾಯ್ದೆಗೆ 11ಎ ಕಲಂ ಸೇರಿದ ಮೇಲೆ, ವಜಾ ಮಾಡಿದ್ದು ಅತಿಯಾಯಿತೇ ಎಂದು ಕಾರ್ಮಿಕ ನ್ಯಾಯಾಲಯ ಪರಿಶೀಲಿಸಿ ಶಿಕ್ಷೆಯನ್ನು ಬದಲಿಸಬಹುದಾಯಿತು. ಮುಂದೆ ಕೋರ್ಟಿನಲ್ಲಿ ತೋರಿಸಲು ಕಾಗದ ಬೇಕೆಂಬ ಭಯ ಮ್ಯಾನೇಜರುಗಳಿಗೆ ಹತ್ತಿತು. ಉತ್ಪಾದನೆ ಇಳಿದರೂ ಮೆಮೊ, ತಡವಾಗಿ ಬಂದರೂ ಮೆಮೊ. ‘ಈ ನೋಟಿಸ್ ತಲುಪಿದ 48 ಗಂಟೆಯೊಳಗೆ ವಿವರಣೆ ಕೊಡತಕ್ಕದ್ದು’ ಎನ್ನುವ ಧಾಟಿ ಹೀಗೆ ಬೇರೂರಿತು.

ಇಲ್ಲಿ ಬೆರೆತುಹೋದದ್ದು ಎರಡು ಬೇರೆ ಸಂಗತಿಗಳು. 1979ರಲ್ಲಿ ಜೆ. ಅಹ್ಮದ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅವನ್ನು ಬಿಡಿಸಿಟ್ಟಿತು. ಅಹ್ಮದ್ ಅಸ್ಸಾಮಿನ ನೌಗಾಂವ್ ಜಿಲ್ಲಾಧಿಕಾರಿ. 1960ರ ಗಲಭೆಯನ್ನು ತಡೆಯುವಲ್ಲಿ ದಕ್ಷತೆ ತೋರಲಿಲ್ಲ ಎಂದು ಅವರ ಮೇಲೆ ಶಿಸ್ತುಕ್ರಮವಾಗಿತ್ತು. ದಕ್ಷತೆಯ ಕೊರತೆ ತನ್ನಷ್ಟಕ್ಕೆ ದುರ್ನಡತೆಯಾಗದು ಎಂದಿತು ತೀರ್ಪು. ಕೈ ನಿಧಾನವಾದವನಿಗೂ ಕಳ್ಳತನ ಮಾಡಿದವನಿಗೂ ಒಂದೇ ಭಾಷೆಯಲ್ಲಿ ಬರೆಯಬಾರದು ಎನ್ನುವುದಕ್ಕೆ ಇದಕ್ಕಿಂತ ಗಟ್ಟಿಯಾದ ಆಧಾರ ಬೇಕಿಲ್ಲ.

ಮಾತು ಒಳಬಂದ ಬಗೆ

ಅತ್ತ ಅಮೆರಿಕದಲ್ಲಿ 1957ರಲ್ಲಿ ಡಗ್ಲಾಸ್ ಮ್ಯಾಕ್‌ಗ್ರೆಗರ್, ಮ್ಯಾನೇಜರುಗಳನ್ನು ನ್ಯಾಯಾಧೀಶರ ಪೀಠದಲ್ಲಿ ಕೂರಿಸುವುದೇ ಮೌಲ್ಯಮಾಪನದ ರೋಗ ಎಂದು ಬರೆದರು. ಮರುವರ್ಷ ನಾರ್ಮನ್ ಮೇಯರ್ ಮೂರು ಬಗೆಯ ಮಾತುಕತೆಗಳನ್ನು ಗುರುತಿಸಿದರು: ಹೇಳಿ ಒಪ್ಪಿಸುವುದು, ಹೇಳಿ ಕೇಳಿಸಿಕೊಳ್ಳುವುದು, ಕೂಡಿ ಸಮಸ್ಯೆ ಬಿಡಿಸುವುದು. 1965ರಲ್ಲಿ ಜನರಲ್ ಎಲೆಕ್ಟ್ರಿಕ್ ಕಂಪನಿಯ ಅಧ್ಯಯನವೊಂದು ಟೀಕೆ ಹೆಚ್ಚಾದಷ್ಟೂ ಸುಧಾರಣೆ ಕಡಿಮೆಯಾದುದನ್ನೂ, ನಿರ್ದಿಷ್ಟ ಗುರಿ ಇಟ್ಟುಕೊಂಡ ಕಡೆ ಕೆಲಸ ಮೇಲೆದ್ದುದನ್ನೂ ಕಂಡಿತು. ಸಂಬಳದ ಮಾತನ್ನೂ ಸುಧಾರಣೆಯ ಮಾತನ್ನೂ ಒಂದೇ ಸಲ ಕೂತು ಆಡಬೇಡಿ ಎಂಬ ಸಲಹೆ ಬಂದದ್ದು ಅಲ್ಲಿಂದ. 1970ರ ದಶಕದ ನಡುವಿನಲ್ಲಿ ಉದಯ್ ಪಾರೀಕ್ ಮತ್ತು ಟಿ.ವಿ. ರಾವ್ ಎಲ್ ಅಂಡ್ ಟಿ ಕಂಪನಿಗೆ ರೂಪಿಸಿದ ವ್ಯವಸ್ಥೆ ಈ ಚಿಂತನೆಯನ್ನು ಭಾರತದ ಕಾರ್ಖಾನೆಗೆ ತಂದಿತು.

1996ರಲ್ಲಿ ಕ್ಲುಗರ್ ಮತ್ತು ಡಿನೀಸಿ ಎಂಬ ಸಂಶೋಧಕರು ಹಿಂದಿನ ನೂರಾರು ಫಲಿತಾಂಶಗಳನ್ನು ಒಟ್ಟುಗೂಡಿಸಿ ನೋಡಿದರು. ಹಿಮ್ಮಾಹಿತಿ ಕೊಟ್ಟ ಸಂದರ್ಭಗಳ ಪೈಕಿ ಮೂರರಲ್ಲೊಂದಕ್ಕಿಂತ ಹೆಚ್ಚಿನ ಕಡೆ ಕೆಲಸ ಇನ್ನೂ ಕುಸಿದಿತ್ತು. ಅವರು ಕೊಟ್ಟ ವಿವರಣೆ ಇದು: ಮಾತು ಕೆಲಸದಿಂದ ಜಾರಿ ‘ನಾನು ಎಂಥವನು’ ಎಂಬ ಕಡೆ ಗಮನ ಎಳೆದಾಗ, ಕೇಳುವವರ ಶಕ್ತಿಯೆಲ್ಲ ತಮ್ಮ ಮಾನ ಉಳಿಸಿಕೊಳ್ಳುವುದಕ್ಕೆ ಹೋಗುತ್ತದೆ. ಮ್ಯಾನೇಜರ್ ಮೊದಲೇ ಅಂಶಗಳನ್ನು ಬರೆದುಕೊಳ್ಳಬೇಕಾದ ಮುಖ್ಯ ಕಾರಣ ಇಲ್ಲಿದೆ. ಬರೆದುಕೊಳ್ಳದೆ ಕೂತ ಬಾಯಿ ಎರಡೇ ನಿಮಿಷಕ್ಕೆ ‘ನಿಮಗೆ ಈಚೆಗೆ ಆಸಕ್ತಿಯೇ ಇಲ್ಲ’ ಎನ್ನುವಲ್ಲಿಗೆ ಹೋಗಿ ನಿಲ್ಲುತ್ತದೆ.

ಒಂದು ಉದಾಹರಣೆ: ರೆಂಡಿಟ್ಟಾ ಏರಿದಾಗ

ಈ ತಿಳಿವಳಿಕೆಯೆಲ್ಲ ಒಂದು ಹಾಳೆಗೆ ಇಳಿಯುವುದು ಹೇಗೆಂದು ನೋಡಲು ತಿ. ನರಸೀಪುರದ ಕಡೆಯ ಒಂದು ಖಾಸಗಿ ನೂಲು ಬಿಚ್ಚಾಣಿಕೆ ಘಟಕವನ್ನು ಕಲ್ಪಿಸಿಕೊಳ್ಳೋಣ. ಒಂದು ಕಿಲೊ ಕಚ್ಚಾ ರೇಷ್ಮೆಗೆ ಎಷ್ಟು ಕಿಲೊ ಗೂಡು ಬೇಕಾಯಿತು ಎಂಬ ಲೆಕ್ಕವೇ ರೆಂಡಿಟ್ಟಾ. ಅದು ಕಡಿಮೆಯಿದ್ದಷ್ಟೂ ಒಳ್ಳೆಯದು. ಹತ್ತು ವರ್ಷದ ಅನುಭವದ ಪಾಳಿ ಮೇಲ್ವಿಚಾರಕರೊಬ್ಬರ ರೆಂಡಿಟ್ಟಾ ಏಪ್ರಿಲಿನಲ್ಲಿ 7.3 ಇದ್ದದ್ದು ಜೂನಿನಲ್ಲಿ 8ಕ್ಕೆ ಏರಿದೆ.

ಮ್ಯಾನೇಜರ್ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ: ಇದು ಮನುಷ್ಯನ ಕುಸಿತವೋ, ಗೂಡಿನ ಕುಸಿತವೋ? ಮಳೆಗಾಲದ ಗೂಡು, ಬೇರೆ ತಳಿಯ ಗೂಡು, ಸರಿಯಾಗಿ ಒಣಗದ ಗೂಡು ಯಾರ ಕೈಯಲ್ಲೂ ಕಡಿಮೆ ನೂಲು ಕೊಡುತ್ತದೆ. ಏಪ್ರಿಲನ್ನು ಜೂನಿಗೆ ಹೋಲಿಸಿದರೆ ಏನೂ ಸಾಬೀತಾಗದು. ಹೋಲಿಸಬೇಕಾದದ್ದು ಒಂದೇ ಲಾಟಿನ ಗೂಡನ್ನು ಬಿಚ್ಚಿದ ಎರಡು ಪಾಳಿಗಳನ್ನು. ಹಾಗೆ ನೋಡಿದಾಗ ಒಂದೇ ಲಾಟಿನ 400 ಕಿಲೊ ಗೂಡಿನಿಂದ ಇನ್ನೊಂದು ಪಾಳಿ 54 ಕಿಲೊ ನೂಲು ತೆಗೆದಿದೆ, ಈ ಪಾಳಿ 50 ಕಿಲೊ. ಅಂದರೆ 7.4ಕ್ಕೆ ಎದುರಾಗಿ 8. ಗೂಡಿನ ದೋಷ ಎರಡೂ ಪಾಳಿಗೆ ಸಮ. ಉಳಿದ ನಾಲ್ಕು ಕಿಲೊ ಮಾತಾಡಬೇಕಾದ ವಿಷಯ. ಒಂದೇ ಲಾಟು ನೋಡಿ ತೀರ್ಮಾನಿಸಬಾರದು; ಇನ್ನೆರಡು ಲಾಟಿನಲ್ಲೂ ಅದೇ ಕಂಡರೆ ಮಾತ್ರ ಕರೆಯಬೇಕು.

ಈಗ ಮಾತಿನ ಹಾಳೆ. ಅರ್ಧ ಪುಟ ಸಾಕು.

1. ಮೊದಲ ವಾಕ್ಯ: ‘ನಿಮ್ಮ ಪಾಳಿಯ ರೆಂಡಿಟ್ಟಾ ಏರಿದೆ, ಅದರ ಬಗ್ಗೆ ಮಾತಾಡೋಣ ಅಂತ ಕರೆದೆ.’
2. ಮೂರು ಲಾಟಿನ ಅಂಕಿ, ಎರಡೂ ಪಾಳಿಯದ್ದು. ತ್ಯಾಜ್ಯ ನೂಲಿನ ತೂಕವೂ ಹೆಚ್ಚಿದೆ.
3. ಪ್ರಶ್ನೆ: ‘ನಿಮಗೆ ಏನು ಕಾಣ್ತಿದೆ?’ ಇಲ್ಲಿ ಸುಮ್ಮನಿರಬೇಕು.
4. ನನ್ನ ಕಡೆಯಿಂದ ಆದ ಬದಲಾವಣೆ ಏನಾದರೂ ಇದೆಯೇ?
5. ಏನು, ಯಾರು, ಯಾವ ತಾರೀಕಿಗೆ.

ಮೊದಲ ವಾಕ್ಯದಲ್ಲೇ ವಿಷಯ ಬರಬೇಕು. ಮನೆಯವರ ಯೋಗಕ್ಷೇಮ, ಹಳೆಯ ಹೊಗಳಿಕೆ ಎಲ್ಲ ಮುಗಿಸಿ ಹತ್ತನೇ ನಿಮಿಷಕ್ಕೆ ವಿಷಯ ತೆಗೆದರೆ, ಮುಂದಿನ ಸಲ ಕ್ಷೇಮ ಕೇಳಿದರೂ ಅವರಿಗೆ ಎದೆ ಧಸಕ್ಕೆನ್ನುತ್ತದೆ. ಬೇಸಿನ್‌ಗಳ ಪಕ್ಕ, ಅವರ ಕೈಕೆಳಗಿನವರ ಎದುರು ಈ ಮಾತು ಆಡಲೇಬಾರದು. ಬೋನಸ್, ಇನ್‌ಕ್ರಿಮೆಂಟಿನ ಸುದ್ದಿ ಅಂದು ಬೇಡ.

ನಾಲ್ಕನೇ ಅಂಶವನ್ನು ಹೆಚ್ಚಿನವರು ಬರೆದುಕೊಳ್ಳುವುದಿಲ್ಲ. ನಮ್ಮ ಉದಾಹರಣೆಯಲ್ಲಿ ಮೇಲ್ವಿಚಾರಕರು ಹೀಗೆನ್ನುತ್ತಾರೆ ಎಂದುಕೊಳ್ಳೋಣ: ‘ಗೂಡು ಬೇಯಿಸೋ ಹಳಬರನ್ನ ಮೇ ತಿಂಗಳಲ್ಲಿ ನೀವೇ ಆ ಪಾಳಿಗೆ ಹಾಕಿದ್ರಿ ಸಾರ್. ಹೊಸ ಹುಡುಗನಿಗೆ ಹದ ಗೊತ್ತಿಲ್ಲ. ನಾನೂ ಅವನ ಹಿಂದೆ ನಿಲ್ಲಲಿಲ್ಲ, ಅದು ನಿಜ.’ ಗೂಡು ಕಮ್ಮಿ ಬೆಂದರೆ ಎಳೆ ಪದೇ ಪದೇ ಕಡಿಯುತ್ತದೆ, ಹೆಚ್ಚು ಬೆಂದರೆ ನೂಲು ಗೋಜಲಾಗಿ ತ್ಯಾಜ್ಯಕ್ಕೆ ಹೋಗುತ್ತದೆ. ಹೆಚ್ಚಿದ ತ್ಯಾಜ್ಯದ ತೂಕ ಅವರ ಮಾತಿಗೆ ಹೊಂದುತ್ತದೆ. ಕುಸಿತದ ಒಂದು ಪಾಲು ಮ್ಯಾನೇಜರ್ ಮಾಡಿದ ಬದಲಾವಣೆಯಿಂದ ಬಂದಿದೆ, ಒಂದು ಪಾಲು ಮೇಲ್ವಿಚಾರಕರ ಉದಾಸೀನದಿಂದ. ಎರಡೂ ಕಾಗದಕ್ಕೆ ಬರಬೇಕು.

ಮಾತಿನ ಮರುದಿನದ ಕಾಗದ

ಅನುಸರಣಾ ಟಿಪ್ಪಣಿ ಅಂದೇ ಅಥವಾ ಮರುದಿನ ಹೋಗಬೇಕು. ವಾರ ಕಳೆದರೆ ಇಬ್ಬರ ನೆನಪೂ ಬೇರೆ ಬೇರೆ ದಾರಿ ಹಿಡಿದಿರುತ್ತದೆ. ಮೇಲಿನ ಮಾತಿಗೆ ಟಿಪ್ಪಣಿ ಹೀಗಿರಬಹುದು:

‘ನಿನ್ನೆ ಮಾತಾಡಿದ್ದರ ಸಾರ ಇದು. ಮೂರು ಲಾಟುಗಳಲ್ಲಿ ನಿಮ್ಮ ಪಾಳಿಯ ರೆಂಡಿಟ್ಟಾ ಸುಮಾರು 8, ಇನ್ನೊಂದು ಪಾಳಿಯದ್ದು 7.4. ಗೂಡು ಬೇಯಿಸುವವರು ಮೇ ತಿಂಗಳಲ್ಲಿ ಬದಲಾದದ್ದು ಮುಖ್ಯ ಕಾರಣವೆಂದು ನೀವು ಹೇಳಿದಿರಿ. ಹೊಸಬರ ಮೇಲೆ ಸಾಕಷ್ಟು ನಿಗಾ ಇರಲಿಲ್ಲವೆಂದೂ ಹೇಳಿದಿರಿ. ಹಳಬರನ್ನು ಎರಡು ವಾರ ನಿಮ್ಮ ಪಾಳಿಗೆ ಕಳುಹಿಸಿ ಹೊಸಬರಿಗೆ ಕಲಿಸುವ ಏರ್ಪಾಡು ನನ್ನದು. ಪ್ರತಿ ಲಾಟಿನ ಆರಂಭದಲ್ಲಿ ಬೆಂದ ಹದ ನೋಡಿ, ಪಾಳಿಯ ಕೊನೆಗೆ ತ್ಯಾಜ್ಯದ ತೂಕ ಬರೆದಿಡುವುದು ನಿಮ್ಮದು. ಒಂದೇ ಲಾಟಿನಲ್ಲಿ ಎರಡು ಪಾಳಿಗಳ ಅಂತರ 0.2ರೊಳಗೆ ಬರಬೇಕು. ಆಗಸ್ಟ್ 10ಕ್ಕೆ ಮತ್ತೆ ಕೂರೋಣ. ಇದರಲ್ಲಿ ತಪ್ಪಿದ್ದರೆ, ಬಿಟ್ಟುಹೋಗಿದ್ದರೆ ಬರೆದು ತಿಳಿಸಿ.’

ಇಲ್ಲಿ ಗುರಿಯನ್ನು 7.4 ಎಂದು ಕಟ್ಟಿಲ್ಲ, ಪಾಳಿಗಳ ಅಂತರಕ್ಕೆ ಕಟ್ಟಿದೆ. ಮುಂದಿನ ಲಾಟು ಕಳಪೆಯಾದರೆ ಮೇಲ್ವಿಚಾರಕರು ತಮ್ಮದಲ್ಲದ ತಪ್ಪಿಗೆ ಸಿಕ್ಕಿಕೊಳ್ಳಬಾರದು. ಅವರು ಕೊಟ್ಟ ಕಾರಣ ಅವರದೇ ಮಾತಿನಲ್ಲಿದೆ, ಮ್ಯಾನೇಜರ್ ಒಪ್ಪಿಕೊಂಡ ಕೆಲಸಕ್ಕೂ ಜಾಗವಿದೆ. ಕೊನೆಯ ವಾಕ್ಯ ದೇವ್ ದತ್ ತೀರ್ಪು ಕೇಳಿದ ಉತ್ತರಿಸುವ ಅವಕಾಶದ ಸಣ್ಣ ರೂಪ.

ಟಿಪ್ಪಣಿ ಕೆಡುವುದು ಹೆಚ್ಚಾಗಿ ಎರಡು ರೀತಿಯಲ್ಲಿ. ಮಾತಿನಲ್ಲಿ ಬಾರದ ಹೊಸ ಆರೋಪ ಕಾಗದದಲ್ಲಿ ಇಣುಕುವುದು ಒಂದು. ಹಾಗಾದರೆ ಮಾತು ಬರೀ ನಾಟಕವಾಗಿತ್ತೆಂದು ಓದುವವರಿಗೆ ಅನ್ನಿಸುತ್ತದೆ. ಮೆಮೊ ಭಾಷೆ ಮರಳಿ ನುಸುಳುವುದು ಇನ್ನೊಂದು: ‘ತಪ್ಪಿದಲ್ಲಿ ಸೂಕ್ತ ಕ್ರಮ ಜರುಗಿಸಲಾಗುವುದು.’ ಮುಂದೆ ಎಚ್ಚರಿಕೆ ಪತ್ರ ಕೊಡಬೇಕಾಗಿ ಬಂದರೆ ಅದನ್ನು ಬೇರೆಯಾಗಿ, ಅದರ ಹೆಸರಿನಲ್ಲೇ ಕೊಡಬೇಕು.

ಭಾಷೆಯ ಮಾತೂ ಇದೆ. ಸ್ಥಾಯಿ ಆದೇಶಗಳನ್ನು ಇಂಗ್ಲಿಷಿನ ಜೊತೆಗೆ ಹೆಚ್ಚಿನ ಕಾರ್ಮಿಕರಿಗೆ ತಿಳಿಯುವ ಭಾಷೆಯಲ್ಲೂ ಫಲಕದ ಮೇಲೆ ಹಾಕಬೇಕೆಂದು 1946ರ ಕಾಯ್ದೆಯೇ ಹೇಳಿತ್ತು. ಕನ್ನಡದಲ್ಲಿ ಆಡಿದ ಮಾತಿನ ಸಾರವನ್ನು ಇಂಗ್ಲಿಷ್ ಇಮೇಲಿನಲ್ಲಿ ಕಳಿಸಿದರೆ, ಓದುವವರು ಅದನ್ನು ಮಗನಿಂದಲೋ ಸಹೋದ್ಯೋಗಿಯಿಂದಲೋ ಓದಿಸಿಕೊಳ್ಳಬೇಕು. ಗುಟ್ಟಾಗಿ ಆಡಿದ ಮಾತು ಊರಿಗೆ ಗೊತ್ತಾಗುತ್ತದೆ. ನಂಜನಗೂಡು, ನರಸೀಪುರದ ಪಾಳಿಗಳಲ್ಲಿ ಈ ಕಾಗದ ಕನ್ನಡದಲ್ಲೇ ಇರಬೇಕು.

ಎಲ್ಲಿಯವರೆಗೆ

ಈ ಕ್ರಮ ಎಲ್ಲಕ್ಕೂ ಮದ್ದಲ್ಲ. ತೂಕದಲ್ಲಿ ಮೋಸ, ನೂಲು ಸಾಗಿಸುವುದು, ಹೊಡೆದಾಟ ಇವಕ್ಕೆ ಆರೋಪಪಟ್ಟಿ ಮತ್ತು ವಿಚಾರಣೆಯ ದಾರಿಯೇ ಸರಿ. ಅಲ್ಲಿ ‘ನಿಮಗೆ ಏನು ಕಾಣ್ತಿದೆ’ ಎಂದು ಸಲುಗೆಯಿಂದ ಕೇಳಿದ ಮಾತು ಮುಂದೆ ಇಬ್ಬರಿಗೂ ತೊಡಕಾಗುತ್ತದೆ. ಕಾರಣ ಕಾಯಿಲೆಯೆಂದು ಮಾತಿನ ನಡುವೆ ಗೊತ್ತಾದರೆ ಗುರಿ, ತಾರೀಕು ಎಲ್ಲವನ್ನೂ ಅಲ್ಲಿಗೇ ನಿಲ್ಲಿಸಬೇಕು. ಕಾಯಿಲೆಯ ವಿವರ ಟಿಪ್ಪಣಿಗೆ ಬರಬಾರದು.

ಉಳಿದ ಕಡೆ, ಮಾತು ತಲುಪಿತೋ ಇಲ್ಲವೋ ಎಂದು ತಿಳಿಯಲು ಒಂದು ನೇರ ಪರೀಕ್ಷೆ ಇದೆ. ಎದ್ದು ಹೋಗುವ ಮುಂಚೆ ‘ಆಗಸ್ಟ್ 10ರೊಳಗೆ ನೀವೇನು ಮಾಡ್ತೀರಿ, ನಾನೇನು ಮಾಡ್ಬೇಕು, ನಿಮ್ಮ ಬಾಯಲ್ಲೇ ಹೇಳಿ’ ಎಂದು ಕೇಳಬೇಕು. ಎರಡೂ ಪಾಲನ್ನು ಅವರು ಹೇಳಬಲ್ಲರಾದರೆ ಟಿಪ್ಪಣಿಯಲ್ಲಿ ಬರೆಯಬೇಕಾದದ್ದು ಸಿಕ್ಕಿತು. ‘ಇನ್ಮೇಲೆ ಸರಿಯಾಗಿ ಮಾಡ್ತೀನಿ ಸಾರ್’ ಎಂದಷ್ಟೇ ಬಂದರೆ ಅವರು ಕೇಳಿಸಿಕೊಂಡದ್ದು ಬೈಗುಳವನ್ನು ಮಾತ್ರ; ಕಾಗದಕ್ಕೆ ಕೈ ಹಾಕುವ ಮೊದಲು ಮೂರನೇ ಅಂಶಕ್ಕೆ ಮರಳಿ, ಮತ್ತೆ ಕೂತು ಕೇಳಬೇಕು.