ನಿರಿಗಿ ಹಿಡಿಯೋದು, ಸುಕ್ಕು ಬೀಳೋದು

ಮಾನ್ವಿ, ನೀರಮಾನ್ವಿ ಕಡೆ ಸೀರೆ 'ಸೀರಿ' ಆದಂತೆ ನಿರಿಗೆಯೂ 'ನಿರಿಗಿ' ಆಗುತ್ತದೆ. ಹಳಗನ್ನಡದಲ್ಲಿ ಅದು ಬರೀ 'ನಿರಿ'. ಮರಾಠಿಯಲ್ಲಿ ಇಂದಿಗೂ 'ನಿರ್‍ಯಾ' ಎಂದು ಹೆಚ್ಚುಕಡಿಮೆ ಇದೇ ಮಾತಿದೆ. ರಾಯಚೂರಿಗೆ ತಾಗಿಕೊಂಡ ತೆಲುಗಿನವರು ಮಾತ್ರ 'ಕುಚ್ಚಿಳ್ಳು' ಅನ್ನುತ್ತಾರೆ. ಕನ್ನಡದ ಕುಚ್ಚು ಸೆರಗಿನ ತುದಿಗೆ ಕಟ್ಟುವಂಥದ್ದು. ಹೀಗಾಗಿ ಎರಡೂ ಭಾಷೆ ಬೆರೆತ ಬಟ್ಟೆ ಅಂಗಡಿಯಲ್ಲಿ 'ಕುಚ್ಚು ಸರಿ ಇಲ್ಲ' ಅಂದರೆ ಸೊಂಟದ ಮಾತೋ ಸೆರಗಿನ ಮಾತೋ ಎಂದು ಕೇಳಿ ತಿಳಿಯಬೇಕು. ಆದರೆ ಈ ಪದದ ಗುಟ್ಟು ಅದರ ವಂಶಾವಳಿಗಿಂತ ಅದರ ಜೊತೆ ಬರುವ ಕ್ರಿಯಾಪದಗಳಲ್ಲಿದೆ. ನಿರಿಗೆಯನ್ನು ಹಿಡಿಯುತ್ತಾರೆ, ಸಿಗಿಸುತ್ತಾರೆ, ನಡೆಯುವಾಗ ಚಿಮ್ಮುತ್ತಾರೆ. ಸುಕ್ಕು ತಾನಾಗಿ ಬೀಳುತ್ತದೆ. ಮುಖದ ಮೇಲಿನ ಗೆರೆಗೂ ನಾವು ನಿರಿಗೆ ಎನ್ನುತ್ತೇವೆ ನಿಜ, ಆದರೆ ಅಲ್ಲಿಯೂ 'ಹಣೆಗೆ ನಿರಿಗೆ ಹಿಡಿದಳು' ಎಂದು ಯಾರೂ ಹೇಳುವುದಿಲ್ಲ, ನಿರಿಗೆ ಬಿತ್ತು ಎಂದೇ ಹೇಳುತ್ತಾರೆ. ಒಂದು ಕೈ ಮಾಡಿದ ಗೆರೆ, ಇನ್ನೊಂದು ಕೈತಪ್ಪಿ ಮೂಡಿದ ಗೆರೆ. ತಲೆಯಿಂದ ಕಾಲಿನವರೆಗಿನ ಒಂದು ಫೋಟೋ ನೋಡಿ ಸೀರೆ ಉಟ್ಟದ್ದು ಚೆನ್ನಾಗಿದೆಯೋ ಇಲ್ಲವೋ ಎಂದು ತೀರ್ಪು ಹೇಳುವವರು ಮೊದಲು ಬೇರ್ಪಡಿಸಬೇಕಾದದ್ದು ಈ ಎರಡನ್ನು. ಕ್ಯಾಮೆರಾಕ್ಕೆ ಎರಡೂ ಒಂದೇ, ಬೆಳಕಿನ ಪಕ್ಕ ಒಂದು ಕಪ್ಪು ಪಟ್ಟಿ.

ಬೇರ್ಪಡಿಸುವ ಉಪಾಯ ಕಷ್ಟದ್ದಲ್ಲ. ಗೆರೆ ಎಲ್ಲಿ ಹುಟ್ಟುತ್ತದೆ, ಎಲ್ಲಿಗೆ ಹೋಗುತ್ತದೆ ಎಂದು ನೋಡಬೇಕು. ಹಿಡಿದ ನಿರಿಗೆ ಸೊಂಟದಲ್ಲಿ ಸಿಗಿಸಿದ ಜಾಗದಲ್ಲಿ ಹುಟ್ಟಿ, ತೂಗುಗುಂಡಿನ ದಾರದ ಹಾಗೆ ನೆಟ್ಟಗೆ ಅಂಚಿನವರೆಗೆ ಇಳಿಯುತ್ತದೆ. ಬಿದ್ದ ಗೆರೆ ಬಟ್ಟೆ ಎಲ್ಲಿ ಸೆಳೆಯಲ್ಪಟ್ಟಿದೆಯೋ ಅಲ್ಲಿಂದ ಓರೆಯಾಗಿ ಹೊರಟು ಅರ್ಧದಲ್ಲಿ ಕರಗುತ್ತದೆ. ಮಂಡಿಯಿಂದ ಎದುರು ಸೊಂಟಕ್ಕೆ ಓರೆಗೆರೆ ಕಂಡರೆ, ಉಡುವಾಗಿನ ತಪ್ಪು ಎನ್ನುವ ಮುಂಚೆ ಪಾದ ನೋಡಿ. ಫೋಟೋ ತೆಗೆಯುವವರು ಒಂದು ಕಾಲು ಮುಂದಿಡಿ ಎಂದಿರುತ್ತಾರೆ, ಮಂಡಿ ಬಟ್ಟೆಯನ್ನು ತಳ್ಳಿರುತ್ತದೆ. ಅದೇ ಓರೆಗೆರೆ ಎರಡೂ ಪಾದ ಜೋಡಿಸಿ ನಿಂತಾಗಲೂ ಇದ್ದರೆ, ಮೊದಲ ಸುತ್ತು ಬಿಗಿಯಾಯಿತು ಅಥವಾ ಎಡಕ್ಕೂ ಬಲಕ್ಕೂ ಎತ್ತರ ತಪ್ಪಿತು ಎಂದರ್ಥ. ಇನ್ನು ಅಂಚಿನ ಹತ್ತಿರ ಒಳನಿರಿಗೆಗಳು ಮೇಲಿನದರ ಕೆಳಗಿಂದ ಮೆಟ್ಟಿಲು ಮೆಟ್ಟಿಲಾಗಿ ಇಣುಕುತ್ತಿದ್ದರೆ ಅದಕ್ಕೆ ನಿಂತ ಭಂಗಿ ಕಾರಣವಲ್ಲ. ನಿರಿಗೆಗಳನ್ನು ಒಟ್ಟು ಹಿಡಿದು ಕೆಳಗಿನ ಅಂಚು ಸಮ ಮಾಡಿಕೊಳ್ಳದೆ, ಮೇಲಿನ ತುದಿ ಮಾತ್ರ ಸಮ ಮಾಡಿ ಲಂಗದೊಳಗೆ ಸಿಗಿಸಿದ್ದಾರೆ. ಇದು ಖಚಿತವಾಗಿ ಕೈಯ ತಪ್ಪು, ಫೋಟೋದಲ್ಲಿ ತಪ್ಪಿಸಿಕೊಳ್ಳಲಾಗದ್ದು.

ತೀರ್ಪುಗಾರರು ಅತಿ ಹೆಚ್ಚು ಎಡವುವುದು ನಿರಿಗೆಯ ಎಣಿಕೆಯಲ್ಲಿ. ಏಳು ಇದ್ದರೆ ಚೆಂದ, ಐದಿದ್ದರೆ ಉಡಲು ಬಾರದು ಎಂಬ ನಂಬಿಕೆಯಿದೆ. ಲೆಕ್ಕ ಹಾಕಿ ನೋಡೋಣ. ಎಲ್ಲಮ್ಮನ ಜಾತ್ರೆಗೆಂದು ನೀರಮಾನ್ವಿಯಲ್ಲಿ ಇಳಕಲ್ ಸೀರೆ ಉಟ್ಟು ನಿಂತ ಒಬ್ಬ ಹೆಣ್ಣುಮಗಳ ಚಿತ್ರ ಎಂದುಕೊಳ್ಳಿ. ಸೀರೆ ಐದೂವರೆ ಮೀಟರ್. ಸೊಂಟದ ಕೆಳಗಿನ ಸುತ್ತಳತೆ ಒಂದು ಮೀಟರಿನಷ್ಟು. ಮೊದಲ ಸುತ್ತಿಗೆ ಒಂದು ಮೀಟರ್ ಹೋಯಿತು. ನಿರಿಗೆ ಬಿಟ್ಟು ಬೆನ್ನ ಹಿಂದಿನಿಂದ ಬಲಗಡೆಗೆ ಬರುವ ಎರಡನೇ ಸುತ್ತಿಗೆ ಮುಕ್ಕಾಲು ಮೀಟರ್, ಎದೆಯ ಮೇಲಿಂದ ಎಡಭುಜ ಮುಟ್ಟಲು ಸುಮಾರು ಎಂಬತ್ತು ಸೆಂಟಿಮೀಟರ್, ಭುಜದ ಹಿಂದೆ ಮಂಡಿ ಮಟ್ಟಕ್ಕೆ ಇಳಿಯುವ ಸೆರಗಿಗೆ ಒಂದು ಮೀಟರ್ ಮೇಲೆ ಹತ್ತು ಸೆಂಟಿಮೀಟರ್. ಒಟ್ಟು ಮೂರು ಮೀಟರ್ ಅರವತ್ತೈದು ಸೆಂಟಿಮೀಟರ್. ಉಳಿದದ್ದು ಒಂದು ಮೀಟರ್ ಎಂಬತ್ತೈದು ಸೆಂಟಿಮೀಟರ್. ಐದಿಂಚು ಅಗಲದ ಒಂದು ನಿರಿಗೆ ಹೋಗಿ ಬಂದು ಹತ್ತಿಂಚು, ಅಂದರೆ ಕಾಲು ಮೀಟರ್ ಬಟ್ಟೆ ತಿನ್ನುತ್ತದೆ. ಆಕೆಗೆ ಏಳು ನಿರಿಗೆ ಸಿಗುತ್ತವೆ, ತುಸು ಮಿಗುತ್ತದೆ. ಸುತ್ತಳತೆ ಹದಿನೈದು ಸೆಂಟಿಮೀಟರ್ ಹೆಚ್ಚಿರುವ ಇನ್ನೊಬ್ಬಾಕೆ ಅದೇ ಸೀರೆ ಉಟ್ಟರೆ ಎರಡೂ ಸುತ್ತು ಹಿಗ್ಗಿ ಒಂದು ನಿರಿಗೆಯಾದರೂ ಕಡಿಮೆಯಾಗುತ್ತದೆ. ಸೆರಗನ್ನು ತಲೆಯ ಮೇಲೆ ಹೊದ್ದರೆ ಇನ್ನೊಂದು ಹೋಯಿತು. ಇಬ್ಬರ ಕೈಯೂ ಒಂದೇ, ಎಣಿಕೆ ಬೇರೆ. ಎಣಿಕೆಗೆ ಅಂಕ ಕೊಡುವುದೆಂದರೆ ಸೊಂಟದ ಅಳತೆಗೆ ಅಂಕ ಕೊಟ್ಟಂತೆ, ಅದು ಯಾವ ಸ್ಪರ್ಧೆಯಲ್ಲಿಯೂ ಯಾರೂ ಒಪ್ಪಿಕೊಳ್ಳದ ಅಳತೆಗೋಲು. ನೋಡಬೇಕಾದದ್ದು ಎರಡೇ: ಇರುವ ನಿರಿಗೆಗಳ ಅಗಲ ಒಂದಕ್ಕೊಂದು ಹೊಂದುತ್ತದೆಯೇ, ಮೇಲಿನದು ಉಳಿದವನ್ನು ಮುಚ್ಚುತ್ತದೆಯೇ.

ಬಟ್ಟೆಯ ಜಾತಿಯನ್ನೂ ಮರೆಯಬಾರದು. ಗಂಜಿ ಹಾಕಿದ ಹತ್ತಿ ಸೀರೆಯ ನಿರಿಗೆ ಚೂಪಾಗಿ ನಿಂತು ಕೆಳಗೆ ಗಂಟೆಯಂತೆ ಅರಳುತ್ತದೆ. ಜಾರ್ಜೆಟ್ಟಿನ ನಿರಿಗೆ ಎಷ್ಟೇ ಚೆನ್ನಾಗಿ ಹಿಡಿದರೂ ಅಂಚು ಮೊಂಡಾಗಿಯೇ ಇಳಿಯುತ್ತದೆ. ಜಾರ್ಜೆಟ್ಟಿನಲ್ಲಿ ಕತ್ತಿಯಂಥ ನಿರಿಗೆ ಕಂಡರೆ ಅದು ಬಹುಶಃ ಮೊದಲೇ ಇಸ್ತ್ರಿ ಮಾಡಿಸಿ ತಂದದ್ದು. ಈಗ ಸೀರೆಗೆ ನಿರಿಗೆ ಹಾಕಿಕೊಡುವುದೇ ಒಂದು ಉದ್ಯೋಗವಾಗಿದೆ. ಅದನ್ನು ಮೋಸ ಎನ್ನಬೇಕಿಲ್ಲ, ಆದರೆ ಅಂಕ ಉಟ್ಟವರಿಗೋ ಇಸ್ತ್ರಿಯವರಿಗೋ ಎಂಬುದನ್ನು ಮೊದಲೇ ತೀರ್ಮಾನಿಸಿಕೊಳ್ಳಿ. ಇನ್ನು ನಿರಿಗೆಯೇ ಕಾಣದ ಚಿತ್ರಗಳಿವೆ. ಕೊಡಗಿನವರ ಉಡುಗೆಯಲ್ಲಿ ನಿರಿಗೆ ಬೆನ್ನ ಹಿಂದೆ ಇರುತ್ತದೆ. ಉತ್ತರ ಕರ್ನಾಟಕದ ಕಚ್ಚೆ ಸೀರೆಯಲ್ಲಿ ಅದು ಕಾಲ ನಡುವೆ ಹಾದು ಹಿಂದೆ ಸಿಕ್ಕಿಕೊಳ್ಳುತ್ತದೆ. ಮುಂದಿನಿಂದ ತೆಗೆದ ಫೋಟೋ ನೋಡಿ ಇವರಿಗೆ ನಿರಿಗೆ ಬರಲಿಲ್ಲ ಎನ್ನುವುದು ನಗೆಗೀಡಾಗುವ ತೀರ್ಪು.

ಫೋಟೋ ಸುಳ್ಳು ಹೇಳುತ್ತದೆಯೇ ಎಂದು ಕೇಳುವವರಿದ್ದಾರೆ. ಸುಳ್ಳಲ್ಲ, ತಾನು ನಿಂತ ಜಾಗದಿಂದ ಕಂಡದ್ದನ್ನು ಹೇಳುತ್ತದೆ. ಸೀರೆಯ ಕೆಳಗಿನ ಅಂಚು ಕಾಲ ಸುತ್ತ ಒಂದು ವರ್ತುಲ. ಮುಖದ ಎತ್ತರದಲ್ಲಿ ಮೊಬೈಲ್ ಹಿಡಿದು ಹತ್ತಿರದಿಂದ ತೆಗೆದರೆ ಆ ವರ್ತುಲವನ್ನು ಮೇಲಿನಿಂದ ನೋಡಿದಂತಾಗಿ, ಮುಂದಿನ ಭಾಗ ಕೆಳಗೆ ಜೋತಂತೆಯೂ ಪಕ್ಕಗಳು ಎತ್ತಿಕೊಂಡಂತೆಯೂ ಕಾಣುತ್ತವೆ. ಸಮವಾಗಿ ಉಟ್ಟವರೂ ಓರೆಯಾಗಿ ಉಟ್ಟಂತಾಗುತ್ತದೆ. ಅಂಥ ಚಿತ್ರದಲ್ಲಿ ಮುಂದಿಗೂ ಪಕ್ಕಕ್ಕೂ ಹೋಲಿಸಬೇಡಿ, ಎಡಕ್ಕೂ ಬಲಕ್ಕೂ ಮಾತ್ರ ಹೋಲಿಸಿ. ಹತ್ತು ಹನ್ನೆರಡು ಅಡಿ ದೂರದಿಂದ, ಸೊಂಟದ ಎತ್ತರದಲ್ಲಿ ಕ್ಯಾಮೆರಾ ಹಿಡಿದರೆ ಈ ತೊಂದರೆ ಬಹಳ ಕಡಿಮೆಯಾಗುತ್ತದೆ. ಕನ್ನಡಿಯಲ್ಲಿ ತೆಗೆದ ಚಿತ್ರದಲ್ಲಿ ಸೆರಗು ಬಲಭುಜಕ್ಕೆ ಹೋಗಿರುತ್ತದೆ, ನಿರಿಗೆಯ ಬಾಯಿ ತಿರುಗುಮುರುಗಾಗಿರುತ್ತದೆ. ಹಿಂದಿನ ಗೋಡೆಯ ಕ್ಯಾಲೆಂಡರಿನ ಅಕ್ಷರ ಓದಲು ಬರುತ್ತದೆಯೇ ಎಂದು ಒಮ್ಮೆ ನೋಡಿದರೆ ಸಾಕು. ಎದುರಿನಿಂದ ಫ್ಲಾಶ್ ಹೊಡೆದರೆ ನಿರಿಗೆ ಸುಕ್ಕು ಎರಡೂ ಅಳಿಸಿಹೋಗುತ್ತವೆ, ಪಕ್ಕದ ಕಿಟಕಿಯ ಬೆಳಕು ಎರಡನ್ನೂ ಎತ್ತಿ ತೋರುತ್ತದೆ. ಫ್ಲಾಶಿನ ಚಿತ್ರಕ್ಕೂ ಕಿಟಕಿಯ ಚಿತ್ರಕ್ಕೂ ಒಂದೇ ತಕ್ಕಡಿ ಹಿಡಿಯುವುದು ನ್ಯಾಯವಲ್ಲ.

ಕುಬಸದ ವಿಷಯ ನಿರಿಗೆಗಿಂತ ತೊಡಕಿನದು. ಅಲ್ಲಿ ಹಿಡಿದ ಗೆರೆ ಎಂಬುದೇ ಬಹುತೇಕ ಇಲ್ಲ, ಕಾಣುವುದೆಲ್ಲ ಬಿದ್ದದ್ದೇ. ಹಾಗಾಗಿ ದಿಕ್ಕೇ ಪುರಾವೆ. ಎದೆಯ ಅಡ್ಡಕ್ಕೆ ಬಿಗಿದ ಗೆರೆಗಳು, ಹುಕ್ಕುಗಳ ನಡುವೆ ಬಾಯಿಬಿಟ್ಟ ಸಂದು ಕಂಡರೆ ಅಗಲ ಸಾಲದು. ಕಂಕುಳಿನಿಂದ ಎದೆಯತ್ತ ಓರೆಯಾಗಿ ಹೊರಟ ಗೆರೆ ಇದ್ದರೆ ಎದೆಯ ಹತ್ತಿರ ಬಟ್ಟೆಗೆ ಜಾಗ ಬಿಟ್ಟಿಲ್ಲ, ಡಾರ್ಟ್ ಸರಿಯಾಗಿ ಕೂತಿಲ್ಲ. ಕಂಕುಳಿನ ಹತ್ತಿರ ಉದ್ದುದ್ದ ಸಡಿಲ ಮಡಿಕೆ ಇದ್ದರೆ ಅಗಲ ಹೆಚ್ಚಾಗಿದೆ. ತೋಳಿನ ತುದಿ ಕೈಯನ್ನು ಕಚ್ಚಿ ಮೇಲೆ ಅಡ್ಡಗೆರೆ ಎಬ್ಬಿಸಿದ್ದರೆ ತೋಳು ಬಿಗಿ. ಇಷ್ಟೂ ಕೈಗಳು ಕೆಳಗಿದ್ದಾಗಿನ ಮಾತು. ಕೈ ಎತ್ತಿದರೆ ಎಂಥ ದರ್ಜಿಯ ಕೆಲಸಕ್ಕೂ ಕಂಕುಳಲ್ಲಿ ಗೆರೆ ಬೀಳುತ್ತದೆ. ಗುಳೇದಗುಡ್ಡದ ಖಣದ ಕುಬಸವಾದರೆ ಇನ್ನೊಂದು ಸಾಕ್ಷಿ ಸಿಗುತ್ತದೆ: ನೇಯ್ದ ಸಣ್ಣ ಬುಟ್ಟಾಗಳ ಸಾಲುಗಳು ನೆಲಕ್ಕೆ ಸಮವಾಗಿ ಓಡಿದರೆ ಬಟ್ಟೆ ನೆಟ್ಟಗೆ ಕತ್ತರಿಸಿದ್ದಾರೆ, ವಾಲಿದರೆ ಅಡ್ಡಾದಿಡ್ಡಿ. ಹಳೆಯ ರೀತಿಯಲ್ಲಿ ಮುಂದೆ ಗಂಟು ಹಾಕುವ ಕುಬಸದಲ್ಲಿ ಗಂಟಿನ ಸುತ್ತ ಮೂಡುವ ಗೆರೆಗಳು ಮಾತ್ರ ಹಿಡಿದವು, ಅವುಗಳನ್ನು ಬಿಗಿಯ ಗುರುತೆಂದು ಓದಬಾರದು. ಇಷ್ಟೆಲ್ಲ ಹೇಳಿದ ಮೇಲೂ ಒಂದು ಮಿತಿ ಉಳಿಯುತ್ತದೆ. ಸೆರಗು ಎಡಭಾಗವನ್ನು ಮುಚ್ಚಿರುತ್ತದೆ. ಮುಂದಿನಿಂದ ತೆಗೆದ ಫೋಟೋದಲ್ಲಿ ಕಾಣುವುದು ಅರ್ಧ ಕುಬಸ, ಬೆನ್ನು ಶೂನ್ಯ.

ಇದನ್ನೆಲ್ಲ ಕೇಳಿ, ಹಾಗಾದರೆ ಫೋಟೋ ನೋಡಿ ತೀರ್ಪು ಕೊಡುವುದೇ ತಪ್ಪಲ್ಲವೇ ಎಂದು ಆಕ್ಷೇಪಿಸಬಹುದು. ನನಗೆ ಹಾಗೆ ತೋರುವುದಿಲ್ಲ. ಮೆಟ್ಟಿಲಾದ ಅಂಚು, ಒಂದಕ್ಕೊಂದು ಹೊಂದದ ಅಗಲ, ನಡುವಿನಿಂದ ಜಾರಿ ಪಕ್ಕಕ್ಕೆ ಸರಿದ ನಿರಿಗೆ, ಇವು ನಿಂತ ಚಿತ್ರದಲ್ಲಿಯೇ ಚೆನ್ನಾಗಿ ಕಾಣುತ್ತವೆ, ಜಾತ್ರೆಯ ಗದ್ದಲದಲ್ಲಿ ಕಾಣುವುದಕ್ಕಿಂತ ಚೆನ್ನಾಗಿ. ಇನ್ನು ಕೆಲವರು, ಹೆಣ್ಣುಮಕ್ಕಳ ಚಿತ್ರ ಇಟ್ಟುಕೊಂಡು ಗೆರೆ ಹುಡುಕುವುದೇ ಅಸಹ್ಯ ಎನ್ನುತ್ತಾರೆ. ಮೈಯನ್ನು ಅಳೆದರೆ ಅಸಹ್ಯವೇ. ಬಟ್ಟೆ ಎಲ್ಲಿ ಸೆಳೆದಿದೆ, ಎಲ್ಲಿ ಸಿಗಿಸಿದ್ದು ತಪ್ಪಿದೆ ಎಂದು ಕೇಳುವುದು ದರ್ಜಿ ಟ್ರಯಲ್ ಕೊಡುವಾಗ ಕೇಳುವ ಪ್ರಶ್ನೆಯೇ, ಅದರಲ್ಲಿ ನಾಚುವಂಥದ್ದಿಲ್ಲ. ಆದರೆ 'ಚಿಮ್ಮು' ಎಂಬ ಕ್ರಿಯಾಪದ ಇಲ್ಲಿ ಅಡ್ಡ ಬರುತ್ತದೆ. ನಿರಿಗೆ ಚಿಮ್ಮುತ್ತ ನಡೆಯುವುದು ಎಂದರೆ ಹೆಜ್ಜೆಗೆ ನಿರಿಗೆ ಮುಂದೆ ಹಾರಿ ಮತ್ತೆ ಕೂಡಿಕೊಳ್ಳುವುದು. ಸಡಿಲವಾಗಿ ಸಿಗಿಸಿದ್ದು ಹತ್ತು ಹೆಜ್ಜೆಗೆ ಜಾರುತ್ತದೆ, ಪಿನ್ನು ಹಾಕಿ ಬಿಗಿದದ್ದು ಹೆಜ್ಜೆಯನ್ನೇ ಕಟ್ಟುತ್ತದೆ, ಎರಡೂ ಫೋಟೋದಲ್ಲಿ ಚಂದ. ಕನ್ನಡ ನಿರಿಗೆಗೆ ಕೊಟ್ಟ ಕ್ರಿಯೆಗಳಲ್ಲಿ ಹಿಡಿಯುವುದು, ಸಿಗಿಸುವುದು ಚಿತ್ರಕ್ಕೆ ಸಿಗುತ್ತವೆ, ಚಿಮ್ಮುವುದು ಸಿಗುವುದಿಲ್ಲ.

ಆದ್ದರಿಂದ ಊರ ಉತ್ಸವಕ್ಕೋ ಕಾಲೇಜಿನ ಸ್ಪರ್ಧೆಗೋ ಸೀರೆಯ ಚಿತ್ರ ತರಿಸಿಕೊಳ್ಳುವವರಲ್ಲಿ ಒಂದು ಕೋರಿಕೆ. ಎರಡು ಚಿತ್ರ ತರಿಸಿ, ಒಂದು ಮುಂದಿನಿಂದ, ಒಂದು ಬೆನ್ನಿನಿಂದ. ಪಾದ ಜೋಡಿಸಿ, ಕೈ ಇಳಿಬಿಟ್ಟು, ಫ್ಲಾಶ್ ಇಲ್ಲದೆ, ಹತ್ತು ಅಡಿ ದೂರದಿಂದ ಸೊಂಟದ ಎತ್ತರಕ್ಕೆ ತೆಗೆದದ್ದೇ ಇರಲಿ, ಸೀರೆ ಯಾವ ಬಟ್ಟೆಯದು, ಯಾವ ರೀತಿ ಉಟ್ಟದ್ದು ಎಂದು ಜೊತೆಗೆ ಬರೆದಿರಲಿ. ನಿರಿಗೆ ಮತ್ತು ಅಂಚಿಗೆ ಮುಂದಿನ ಚಿತ್ರ ನೋಡಿ, ನಿರಿಗೆ ಹಿಂದಿರುವ ಉಡುಗೆಯಾದರೆ ಬೆನ್ನಿನ ಚಿತ್ರ ನೋಡಿ ಅಂಕ ಕೊಡಿ. ಕುಬಸಕ್ಕೆ ಬೆನ್ನಿನ ಚಿತ್ರ ಬರುವ ತನಕ ಅಂಕ ಕೊಡಬೇಡಿ.