ಅಗ್ಗದ ಗೂಡು, ಏರಿದ ರೆಂಡಿಟ್ಟಾ: ಜಂಟಿ ವ್ಯತ್ಯಾಸದ ಹೊಣೆ ಯಾರದು?

ರಾಮನಗರದ ಗೂಡಿನ ಮಾರುಕಟ್ಟೆಯಲ್ಲಿ ಲಾಟ್ ಹಿಡಿಯುವ ರೀಲರ್ ಬೆಲೆಯ ಜೊತೆಗೇ ರೆಂಡಿಟ್ಟಾವನ್ನೂ ಲೆಕ್ಕ ಹಾಕುತ್ತಾನೆ. ಒಂದು ಕಿಲೋ ಕಚ್ಚಾ ರೇಷ್ಮೆಗೆ ಎಷ್ಟು ಕಿಲೋ ಗೂಡು ಬೇಕಾಯಿತೋ ಅದೇ ರೆಂಡಿಟ್ಟಾ. ಜೊಳ್ಳು ಗೂಡು, ಜೋಡಿ ಗೂಡು, ಊಜಿ ನೊಣ ತೂತು ಮಾಡಿದ ಗೂಡು ಹೆಚ್ಚಿದ್ದರೆ ಬೆಲೆ ಇಳಿಯುತ್ತದೆ, ರೆಂಡಿಟ್ಟಾ ಏರುತ್ತದೆ. ಒಬ್ಬನ ತಲೆಯಲ್ಲಿ ಒಟ್ಟಿಗೆ ನಡೆಯುವ ಈ ಎರಡು ಲೆಕ್ಕಗಳನ್ನು ಕಾರ್ಖಾನೆಯ ಪುಸ್ತಕಗಳು ಬೇರೆ ಬೇರೆ ಮಾಡಿದ್ದು ಹೇಗೆ ಎಂಬುದು ವೆಚ್ಚ ಲೆಕ್ಕಶಾಸ್ತ್ರದ ಇತಿಹಾಸದ ಒಂದು ಕುತೂಹಲದ ಅಧ್ಯಾಯ.

ಕೆಲಸಕ್ಕೆ ಮೊದಲೇ ಪ್ರಮಾಣ ಗೊತ್ತುಮಾಡಿಕೊಂಡು, ಆಮೇಲೆ ನಡೆದದ್ದನ್ನು ಅದಕ್ಕೆ ಹೋಲಿಸುವ ವಿಚಾರವನ್ನು 20ನೇ ಶತಮಾನದ ಮೊದಲ ದಶಕದಲ್ಲಿ ಅಮೆರಿಕದ ಹ್ಯಾರಿಂಗ್ಟನ್ ಎಮರ್ಸನ್ ಪ್ರಚಾರಕ್ಕೆ ತಂದರು. ಅದನ್ನು ಪೂರ್ತಿ ಲೆಕ್ಕಪದ್ಧತಿಯಾಗಿ ಬೆಳೆಸಿದವರಲ್ಲಿ ಜಿ. ಚಾರ್ಟರ್ ಹ್ಯಾರಿಸನ್ ಪ್ರಮುಖರು. 1911ರಲ್ಲಿ ಕೈಗವಸು ತಯಾರಿಸುವ ಬಾಸ್ ಕಂಪನಿಗೆ ಪ್ರಮಾಣ ವೆಚ್ಚದ ವ್ಯವಸ್ಥೆಯೊಂದನ್ನು ರೂಪಿಸಿದ ಅವರು, 1918ರಿಂದ ಬರೆದ ಲೇಖನಮಾಲೆಯಲ್ಲಿ ಅದನ್ನು ವಿವರಿಸಿದರು. ಬೆಲೆ ಪೇಟೆಯಿಂದ ಬರುವುದು, ಪೋಲು ಯಂತ್ರದ ಬಳಿ ಆಗುವುದು; ಆದ್ದರಿಂದ ಮೊದಲನೆಯದಕ್ಕೆ ಖರೀದಿಯವರು, ಎರಡನೆಯದಕ್ಕೆ ಉತ್ಪಾದನೆಯವರು ಉತ್ತರ ಹೇಳಬೇಕು ಎಂಬುದು ಈ ಪದ್ಧತಿಯಿಂದ ಬೆಳೆದ ರೂಢಿ. ಸರಕು ಒಳಬಂದ ದಿನವೇ ಬಿಲ್ಲಿನಿಂದ ಬೆಲೆ ವ್ಯತ್ಯಾಸ ತೆಗೆಯುವಾಗ ಎಷ್ಟು ಪೋಲಾಗಲಿದೆ ಎಂಬುದು ಯಾರಿಗೂ ತಿಳಿದಿರುವುದಿಲ್ಲ. ಹಾಗಾಗಿ ಕೊಂಡಷ್ಟೂ ತೂಕದ ಮೇಲೆ ಬೆಲೆ ವ್ಯತ್ಯಾಸ ಕಟ್ಟುವುದು ಗುಮಾಸ್ತನಿಗೆ ಸುಲಭವಾಯಿತು. ನ್ಯಾಯಕ್ಕಿಂತ ಅನುಕೂಲವೇ ಇಲ್ಲಿ ಮುಂದಿತ್ತು ಎಂದು ನನಗನಿಸುತ್ತದೆ.

ಒಂದು ಕಲ್ಪಿತ ಘಟಕದಲ್ಲಿ ಇದರ ಫಲ ನೋಡೋಣ. ಪ್ರಮಾಣ ರೆಂಡಿಟ್ಟಾ 7, ಪ್ರಮಾಣ ಬೆಲೆ ಕಿಲೋಗೆ 600 ರೂಪಾಯಿ. 100 ಕಿಲೋ ರೇಷ್ಮೆಗೆ 700 ಕಿಲೋ ಗೂಡು, 4,20,000 ರೂಪಾಯಿ ಆಗಬೇಕು. ಖರೀದಿಯವನು 560ಕ್ಕೆ ಅಗ್ಗದ ಲಾಟ್ ತಂದ. ಬಳಕೆ 780 ಕಿಲೋ ಆಯಿತು, ಖರ್ಚು 4,36,800. ಒಟ್ಟು ನಷ್ಟ 16,800 ರೂಪಾಯಿ. ರೂಢಿಯ ಪುಸ್ತಕದಲ್ಲಿ ಖರೀದಿಗೆ 780 ಕಿಲೋ ಮೇಲೆ 40 ರೂಪಾಯಿಯಂತೆ 31,200 ಉಳಿತಾಯದ ಕೀರ್ತಿ; ಬಿಚ್ಚಾಣಿಕೆಗೆ 80 ಕಿಲೋ ಮೇಲೆ 600ರಂತೆ 48,000 ದೂರು.

ಖರೀದಿಯ ಕೀರ್ತಿಯಲ್ಲಿ 3,200 ರೂಪಾಯಿ ಬಂದದ್ದು ಪೋಲಾದ ಆ 80 ಕಿಲೋ ಮೇಲೆಯೇ. ಲಾಟ್ ಕೆಟ್ಟಷ್ಟೂ ಖರೀದಿಯವನ ಹೆಸರು ಬೆಳಗುತ್ತದೆ! ಇದೇ ಜಂಟಿ ವ್ಯತ್ಯಾಸ. ಇದನ್ನು ಬೇರೆ ಸಾಲಿನಲ್ಲಿ ತೋರಿಸಿದರೆ ಖರೀದಿಯ ಉಳಿತಾಯ 28,000ಕ್ಕೆ ಇಳಿಯುತ್ತದೆ. ಪಠ್ಯಪುಸ್ತಕಗಳ ಚರ್ಚೆ ಸಾಮಾನ್ಯವಾಗಿ ಈ 3,200ರ ಸುತ್ತಲೇ ಗಿರಕಿ ಹೊಡೆಯುತ್ತದೆ. ಆದರೆ ತಕರಾರು ಇರುವುದು 48,000ದಲ್ಲಿ. ಗುಣಾಕಾರದಿಂದ ಹುಟ್ಟಿದ ಜಂಟಿ ಭಾಗ ಚಿಕ್ಕದು. ಕಾರಣದಿಂದ ಹುಟ್ಟಿದ ಜಂಟಿ ಭಾಗ ಬಳಕೆ ವ್ಯತ್ಯಾಸದೊಳಗೇ ಅಡಗಿದೆ, ಅದನ್ನು ಯಾವ ಸೂತ್ರವೂ ಹೊರಗೆಳೆಯಲಾರದು.

1967ರಲ್ಲಿ ಜೋಯೆಲ್ ಡೆಮ್‌ಸ್ಕಿ ಈ ಬಗೆಯ ಲೆಕ್ಕವನ್ನು ಬೇರೆ ಕಡೆಯಿಂದ ಹಿಡಿದರು. ಹಳೆಯ ಪ್ರಮಾಣಕ್ಕೆ ಹೋಲಿಸಿದರೆ ಸಾಲದು, ಆಮೇಲೆ ತಿಳಿದುಬಂದ ಸ್ಥಿತಿಯಲ್ಲಿ ಮಾಡಬಹುದಾಗಿದ್ದ ಅತ್ಯುತ್ತಮ ಯೋಜನೆಗೆ ಹೋಲಿಸಬೇಕು ಎಂಬುದು ಅವರ ವಾದ. ಅದನ್ನು ರೇಷ್ಮೆಗೆ ಹೊಂದಿಸಿದರೆ ಮೊದಲ ಪ್ರಶ್ನೆ, ಈ ಲಾಟ್‌ನಿಂದ ಎಷ್ಟು ನೂಲು ಬರಲು ಸಾಧ್ಯವಿತ್ತು ಎಂಬುದು. ಲಾಟ್‌ನ ಮಾದರಿಯನ್ನು ನುರಿತವರಿಂದ ಬಿಚ್ಚಿಸಿದಾಗ ರೆಂಡಿಟ್ಟಾ 7.6 ಬಂತೆನ್ನಿ. ಆಗ 80 ಕಿಲೋದಲ್ಲಿ 60 ಗೂಡಿನ ದೋಷದ್ದು, 20 ಕೆಲಸದ್ದು. ಖರೀದಿಯ ಖಾತೆಗೆ 31,200 ಉಳಿತಾಯದ ಎದುರು 36,000 ಬಿದ್ದು 4,800 ನಷ್ಟ ಉಳಿಯುತ್ತದೆ, ಬಿಚ್ಚಾಣಿಕೆಗೆ 12,000. ಎರಡೂ ಕೂಡಿದರೆ ಅದೇ 16,800. ಜಂಟಿ ಸಾಲನ್ನು ಬೇರೆ ಇಡುವ ಅಗತ್ಯವೇ ಬೀಳಲಿಲ್ಲ. 560 ಬೆಲೆಗೆ ರೆಂಡಿಟ್ಟಾ 7.5 ದಾಟಿದರೆ ನಷ್ಟವೆಂದು ಹರಾಜಿನ ಕಟ್ಟೆಯಲ್ಲೇ ಭಾಗಿಸಿ ನೋಡಬಹುದಿತ್ತು.

ಮಾದರಿಯನ್ನು ಮೂಟೆಯ ಮೇಲ್ಪದರದಿಂದ ಮಾತ್ರ ತೆಗೆದರೆ ಈ ಹಂಚಿಕೆ ಸುಳ್ಳಾಗುತ್ತದೆ. ಆಗ ಬೇಸಿನ್‌ವಾರು ಪುಸ್ತಕ ನೋಡಬೇಕು: ಒಂದೇ ಲಾಟ್‌ಗೆ ಎಲ್ಲ ಬೇಸಿನ್‌ಗಳಲ್ಲೂ ಪೋಲು ಏರಿದ್ದರೆ ಸಂಶಯ ಗೂಡಿನ ಮೇಲೆ, ಇಲ್ಲವೇ ಎಲ್ಲಕ್ಕೂ ಒಂದೇ ಕಡೆ ಬೇಯಿಸುವ ಘಟಕವಾದರೆ ಆ ಬೇಯಿಸುವಿಕೆಯ ಮೇಲೆ. ಒಂದೆರಡರಲ್ಲಿ ಮಾತ್ರ ಏರಿದ್ದರೆ ಆ ಕೈಗಳ ಮೇಲೆ. ಇನ್ನು, 7.6 ಎಂಬ ಪರೀಕ್ಷೆಯ ಫಲ ಕೈಗೆ ಬಂದ ಮೇಲೂ ಮಾಲೀಕನೇ ಈ ಲಾಟ್ ತರಲು ಹೇಳಿದ್ದರೆ, ಆ 4,800 ರೂಪಾಯಿ ಖರೀದಿಯವನ ಖಾತೆಯಿಂದ ಮಾಲೀಕನ ಖಾತೆಗೆ ಹೋಗಬೇಕಾಗುತ್ತದೆ.