ಸುಧಾ ಮೂರ್ತಿ ‘ಹಣ ಹೂಡಿ’ ಎಂದರೇ? ನಕಲಿ ವಿಡಿಯೊದ ತುಟಿಯನ್ನೂ ನೋಡಿ, ಲಿಂಕನ್ನೂ ನೋಡಿ

ಇಪ್ಪತ್ತು ಸಾವಿರ ರೂಪಾಯಿ ಹಾಕಿದರೆ ಕೆಲವೇ ದಿನಗಳಲ್ಲಿ ಹಲವು ಪಟ್ಟು ವಾಪಸ್ ಬರುತ್ತದೆ ಎಂದು ಸುಧಾ ಮೂರ್ತಿ ಹೇಳುವ ವಿಡಿಯೊ ನಿಮ್ಮ ಮೊಬೈಲ್‌ಗೂ ಬಂದಿರಬಹುದು. ಅವರು ಹುಟ್ಟಿದ್ದು ಶಿಗ್ಗಾವಿಯಲ್ಲಿ. ‘ನಮ್ಮೂರ ಕಡೆಯವರು’ ಎಂದು ಸವಣೂರು, ಹಾನಗಲ್ಲಿನ ಜನ ಇಂಥದ್ದನ್ನು ಬೇಗ ನಂಬುವುದು ಸಹಜ. ಆದರೆ ಆ ವಿಡಿಯೊ ನಕಲಿ. ತಾವು ಎಲ್ಲೂ ಹೂಡಿಕೆಯ ಬಗ್ಗೆ ಮಾತನಾಡುವುದಿಲ್ಲ ಎಂದು ಸುಧಾ ಮೂರ್ತಿ ಅವರೇ ಸ್ಪಷ್ಟಪಡಿಸಿದ್ದಾರೆ. ಅವರ ಪತಿ ನಾರಾಯಣ ಮೂರ್ತಿ 2023ರ ಡಿಸೆಂಬರ್‌ನಲ್ಲೇ ತಮ್ಮ ಹೆಸರಿನ ಟ್ರೇಡಿಂಗ್ ಆ್ಯಪ್ ಪ್ರಚಾರಗಳೆಲ್ಲ ಸುಳ್ಳು ಎಂದು ಎಚ್ಚರಿಸಿದ್ದರು.

ಇಂಥ ವಿಡಿಯೊಗಳಲ್ಲಿ ಹೆಚ್ಚಿನವು ಪೂರ್ತಿ ಕೃತಕವಲ್ಲ. ಯಾವುದೋ ಹಳೆಯ ಸಂದರ್ಶನದ ಅಸಲಿ ದೃಶ್ಯ ತೆಗೆದುಕೊಂಡು, ಅದೇ ವ್ಯಕ್ತಿಯ ಧ್ವನಿಯ ನಕಲು ತಯಾರಿಸಿ, ಹೊಸ ಮಾತಿಗೆ ತಕ್ಕಂತೆ ಬಾಯಿಯ ಭಾಗವನ್ನಷ್ಟೇ ಬದಲಿಸುತ್ತಾರೆ. ಸೀರೆ, ಕುರ್ಚಿ, ಕೈ ಆಡಿಸುವ ರೀತಿ ಎಲ್ಲವೂ ನಿಜವೇ ಆಗಿರುವುದರಿಂದ ಕಣ್ಣು ಮೋಸ ಹೋಗುತ್ತದೆ.

ಹಾಗಾಗಿ ಬಾಯಿಯನ್ನೇ ನೋಡಬೇಕು. ಪ, ಬ, ಭ, ಮ ಅಕ್ಷರಗಳನ್ನು ಎರಡೂ ತುಟಿ ಮುಚ್ಚದೆ ಹೇಳಲು ಆಗುವುದೇ ಇಲ್ಲ. ಬೇಕಾದರೆ ಈಗಲೇ ಹೇಳಿ ನೋಡಿ. ರೂಪಾಯಿ, ಬಂಡವಾಳ, ಲಾಭ, ಬ್ಯಾಂಕ್ — ಈ ವಂಚಕರು ಬಳಸಲೇಬೇಕಾದ ಪದಗಳಲ್ಲೆಲ್ಲ ಈ ಅಕ್ಷರಗಳಿವೆ! ವಿಡಿಯೊವನ್ನು ನಿಧಾನಗತಿಯಲ್ಲಿ ಓಡಿಸಿ. ‘ಲಾಭ’ ಎಂದು ಕೇಳಿಸುವಾಗ ತುಟಿ ತೆರೆದೇ ಇದ್ದರೆ, ಅಥವಾ ಹಲ್ಲುಗಳ ಸಾಲು ಒಂದು ಕ್ಷಣ ಮಸುಕಾಗಿ ಮತ್ತೆ ಮೂಡಿದರೆ, ಅನುಮಾನಿಸಿ. ಇನ್ನು ಕಿವಿಯ ಕೆಲಸ. ಸುಧಾ ಮೂರ್ತಿ ಅವರ ಮಾತಿನಲ್ಲಿ ಉತ್ತರ ಕರ್ನಾಟಕದ ರಾಗವಿದೆ. ಹಾವೇರಿ ಜಿಲ್ಲೆಯವರಿಗೆ ಅದು ಮನೆಯ ಮಾತು. ಪುಸ್ತಕ ಓದಿದಂಥ ಕನ್ನಡ, ನಡುವೆ ಉಸಿರೇ ತೆಗೆದುಕೊಳ್ಳದ ಉದ್ದುದ್ದ ವಾಕ್ಯ ಕೇಳಿದರೆ ನಿಮಗೆ ಬೇರೆಯವರಿಗಿಂತ ಮೊದಲೇ ಗೊತ್ತಾಗಬೇಕು.

ಆದರೆ ಈ ಸುಳಿವುಗಳಿಗೆ ಮಿತಿ ಇದೆ. ಹತ್ತಾರು ಸಲ ಫಾರ್ವರ್ಡ್ ಆದ ವಿಡಿಯೊ ಎಷ್ಟು ಮಸುಕಾಗುತ್ತದೆ ಎಂದರೆ ತುಟಿ ಸರಿಯಾಗಿ ಕಾಣುವುದೇ ಇಲ್ಲ. ನಕಲು ಮಾಡುವ ತಂತ್ರವೂ ದಿನೇ ದಿನೇ ಸುಧಾರಿಸುತ್ತಿದೆ. ತುಟಿ ಹೊಂದಿಕೆಯಾಯಿತು ಎಂಬ ಕಾರಣಕ್ಕೆ ವಿಡಿಯೊ ಅಸಲಿ ಎಂದುಕೊಳ್ಳಬೇಡಿ. ಒಂದು ಸ್ಕ್ರೀನ್‌ಶಾಟ್ ತೆಗೆದು ಗೂಗಲ್ ಲೆನ್ಸ್‌ನಲ್ಲಿ ಹುಡುಕಿದರೆ ಎಷ್ಟೋ ಸಲ ಮೂಲ ಸಂದರ್ಶನವೇ ಸಿಗುತ್ತದೆ: ಅದೇ ಸೀರೆ, ಅದೇ ಕುರ್ಚಿ, ಮಾತು ಮಾತ್ರ ಬೇರೆ.

ವಿಡಿಯೊಗಿಂತ ದೊಡ್ಡ ಸುಳಿವು ಅದರ ನಂತರ ಬರುವ ಲಿಂಕ್‌ನಲ್ಲಿದೆ. 2025ರಲ್ಲಿ ಬೆಂಗಳೂರಿನ ಸಿ.ವಿ. ರಾಮನ್ ನಗರದ ಮಹಿಳೆಯೊಬ್ಬರು ಕಳೆದುಕೊಂಡದ್ದು 3.75 ಕೋಟಿ ರೂಪಾಯಿ. ಶುರುವಾದದ್ದು ಸದ್ಗುರು ಜಗ್ಗಿ ವಾಸುದೇವ್ ಅವರ ನಕಲಿ ವಿಡಿಯೊದಿಂದ; ಕೇವಲ 250 ಡಾಲರ್ ಹೂಡಿ ಎಂಬ ಆಹ್ವಾನ ಅದರಲ್ಲಿತ್ತು. ಲಿಂಕ್ ಒತ್ತಿದ ಮೇಲೆ ಒಬ್ಬ ‘ಸಲಹೆಗಾರ’ ಸಂಪರ್ಕಕ್ಕೆ ಬಂದ. ಆ್ಯಪ್ ಹಾಕಿಸಿ, ಜೂಮ್‌ನಲ್ಲಿ ಟ್ರೇಡಿಂಗ್ ಪಾಠ ಮಾಡಿದ. ಪರದೆಯ ಮೇಲೆ ಲಾಭ ಏರುತ್ತಲೇ ಹೋಯಿತು. ಫೆಬ್ರವರಿ ಕೊನೆಯಿಂದ ಏಪ್ರಿಲ್‌ವರೆಗೆ ಅವರು ಹಣ ಕಳಿಸುತ್ತಲೇ ಇದ್ದರು. ವಾಪಸ್ ತೆಗೆಯಲು ಹೋದಾಗ ಮೊದಲು ತೆರಿಗೆ, ಶುಲ್ಕ ಕಟ್ಟಿ ಎಂದರು. ಪೊಲೀಸರಿಗೆ ದೂರು ಹೋದದ್ದು ಸೆಪ್ಟೆಂಬರ್‌ನಲ್ಲಿ.

ಪರದೆಯ ಮೇಲಿನ ಆ ಲಾಭ ವಂಚಕರೇ ತುಂಬಿದ ಅಂಕಿ. ಅದರ ಹಿಂದೆ ಷೇರೂ ಇಲ್ಲ, ಮಾರುಕಟ್ಟೆಯೂ ಇಲ್ಲ. ನಮ್ಮ ದೇಶದಲ್ಲಿ ಷೇರಿನ ಲಾಭಕ್ಕೆ ತೆರಿಗೆಯನ್ನು ನೀವು ಸರ್ಕಾರಕ್ಕೆ ಕಟ್ಟುತ್ತೀರಿ. ನಿಮ್ಮದೇ ಹಣ ಬಿಡಿಸಿಕೊಳ್ಳಲು ಬ್ರೋಕರ್‌ಗೆ ಮುಂಗಡ ತೆರಿಗೆ ಕೊಡುವ ಪದ್ಧತಿಯೇ ಇಲ್ಲ. ಈ ಬೇಡಿಕೆ ಬಂತೆಂದರೆ ಅದು ವಂಚನೆಯೇ, ಹೆಚ್ಚಿನ ಪರೀಕ್ಷೆ ಬೇಡ.

ಹಣ ಕಳಿಸುವ ಮುನ್ನ ಯುಪಿಐ ಐಡಿ ನೋಡಿ. ಸೆಬಿ ನೋಂದಾಯಿತ ಬ್ರೋಕರ್‌ಗಳಿಗೆ 2025ರ ಅಕ್ಟೋಬರ್ 1ರಿಂದ ವಿಶೇಷ ಐಡಿ ವ್ಯವಸ್ಥೆ ಬಂದಿದೆ: ಹೆಸರಿನ ನಂತರ `.brk`, ಆಮೇಲೆ `@valid` ಮತ್ತು ಬ್ಯಾಂಕಿನ ಹೆಸರು. ಮ್ಯೂಚುವಲ್ ಫಂಡ್ ಆದರೆ `.mf`. ಪಾವತಿ ಮಾಡುವಾಗ ಹಸಿರು ತ್ರಿಕೋನದೊಳಗೆ ಹೆಬ್ಬೆರಳು ಎತ್ತಿದ ಚಿಹ್ನೆ ಕಾಣುತ್ತದೆ. ಐಡಿ ಅಸಲಿಯೇ ಎಂಬುದನ್ನು ‘ಸೆಬಿ ಚೆಕ್’ ಸೌಲಭ್ಯದಲ್ಲಿ ಪರಿಶೀಲಿಸಬಹುದು. ಯಾರದೋ ವೈಯಕ್ತಿಕ ಖಾತೆಗೆ, ಅದೂ ಪ್ರತಿ ಸಲ ಬೇರೆ ಬೇರೆ ಖಾತೆಗೆ ಹಾಕಿ ಎಂದರೆ ಅಲ್ಲಿಗೇ ನಿಲ್ಲಿಸಿ.

ಈಗಾಗಲೇ ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ, ಅಥವಾ cybercrime.gov.in ನಲ್ಲಿ ದೂರು ದಾಖಲಿಸಿ. ವಹಿವಾಟಿನ ಸಂಖ್ಯೆ, ದಿನಾಂಕ, ಮೊತ್ತ ಕೈಯಲ್ಲಿರಲಿ. ವಂಚಕರು ಹಣವನ್ನು ಒಂದು ಖಾತೆಯಿಂದ ಇನ್ನೊಂದಕ್ಕೆ ದಾಟಿಸುತ್ತಾ ಹೋಗುತ್ತಾರೆ. ಅದು ಇನ್ನೂ ಯಾವುದಾದರೂ ಖಾತೆಯಲ್ಲಿ ಉಳಿದಿದ್ದರಷ್ಟೇ ಬ್ಯಾಂಕ್ ಅದನ್ನು ತಡೆಹಿಡಿಯಲು ಸಾಧ್ಯ. ವಿಡಿಯೊ, ಚಾಟ್, ಆ್ಯಪ್ ಯಾವುದನ್ನೂ ಅಳಿಸಬೇಡಿ, ತನಿಖೆಗೆ ಅವೇ ಸಾಕ್ಷಿ.